ರೆಪೋ ಇಳಿದರೂ ಕಂತು ಯಾಕೆ ಇಳಿಯಲಿಲ್ಲ: ಮೊದಲು ಕಳೆಯುವ ಲೆಕ್ಕ ಮಾಡಿ

«2021ರಲ್ಲಿ ಬ್ಯಾಂಕಿನಿಂದ ಮನೆ ಸಾಲ ತೆಗೆದಿದ್ದೆ. ರೆಪೋ ಇಳಿಯಿತು, ಇಳಿಯಿತು ಅಂತ ಪೇಪರಿನಲ್ಲಿ ನಾಲ್ಕು ಸಲ ಬಂತು. ನನ್ನ ಇಎಂಐ ಒಂದು ರೂಪಾಯಿ ಕಡಿಮೆಯಾಗಿಲ್ಲ. ಬ್ಯಾಂಕಿನವರು ಮೋಸ ಮಾಡುವುದಾ? ಸಾಲ ಬೇರೆ ಬ್ಯಾಂಕಿಗೆ ಹಾಕುವುದು ಒಳ್ಳೆಯದಾ?»

ಅಣ್ಣ, ಬೇರೆ ಬ್ಯಾಂಕಿಗೆ ಓಡಬೇಡಿ. ರೆಪೋ ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಅದು ಇಳಿದದ್ದು ಕಂತಿನಲ್ಲೇ ಕಾಣಬೇಕೆಂದಿಲ್ಲ. ನೀವು ನೋಡುತ್ತಿರುವುದು ಕಂತನ್ನು ಮಾತ್ರ. ನಾನೂ ಹಾಗೆಯೇ ಎರಡು ವರ್ಷ ಕಂತನ್ನೇ ನೋಡುತ್ತಾ ಕೂತು ಪೆಟ್ಟು ತಿಂದವ, ಅದಕ್ಕೇ ಇಷ್ಟು ಉದ್ದ ಬರೆಯುವುದು.

ನನ್ನದು 2017ರ ಸಾಲ, ಎಂಸಿಎಲ್‌ಆರ್ ಲೆಕ್ಕದ್ದು, ಅಂದರೆ ಬ್ಯಾಂಕು ತನ್ನದೇ ಖರ್ಚು ನೋಡಿ ಬಡ್ಡಿ ಕಟ್ಟುವ ಹಳೆಯ ಕ್ರಮದ್ದು. 2020ರಲ್ಲಿ ರೆಪೋ 4ಕ್ಕೆ ಇಳಿದಾಗಲೂ ನನ್ನ ಬಡ್ಡಿ ಆಮೆಯ ಹಾಗೆ ಇಳಿಯಿತು. ಕೊನೆಗೆ 2021ರಲ್ಲಿ ಅರ್ಜಿ ಕೊಟ್ಟು ರೆಪೋಗೆ ಬದಲಾಯಿಸಿಕೊಂಡೆ. ಬಡ್ಡಿ 6.9 ಆಯಿತು. ಕಂತನ್ನೂ ಇಳಿಸಿ 11,630 ಮಾಡಿ ಕೊಟ್ಟರು. ಮನೆಯಲ್ಲಿ ಎಲ್ಲರಿಗೂ ಖುಷಿ. ಮತ್ತೆ ನಾನು ಸ್ಟೇಟ್‌ಮೆಂಟ್ ತೆರೆಯಲೇ ಇಲ್ಲ, ಕಂತು ಅಷ್ಟೇ ಹೋಗುತ್ತಾ ಇತ್ತಲ್ಲ!

2022ರ ಮೇಯಿಂದ ರೆಪೋ ಏರಲು ಶುರು. 2023ರ ಫೆಬ್ರವರಿಗೆ 6.50. ನನ್ನ ಬಡ್ಡಿ 9.4. ಕಂತು ಆಗಲೂ 11,630. ಒಂದು ದಿನ ತೆರಿಗೆ ಕಾಗದಕ್ಕೆಂದು ಬ್ರಾಂಚಿಗೆ ಹೋದಾಗ ಸ್ಟೇಟ್‌ಮೆಂಟ್ ತೆಗೆಸಿದೆ. ಬಾಕಿ ಹೆಚ್ಚುಕಮ್ಮಿ 13 ಲಕ್ಷ. 6.9 ಇದ್ದಿದ್ದರೆ ಆ ಬಾಕಿಗೆ ತಿಂಗಳ ಬಡ್ಡಿ 7,475 ಆಗಿ, ಅಸಲಿಗೆ 4,155 ರೂಪಾಯಿ ಜಮೆಯಾಗುತ್ತಿತ್ತು. 9.4ರಲ್ಲಿ ಬಡ್ಡಿಯೇ 10,183. ಅಸಲಿಗೆ ಬೀಳುತ್ತಿದ್ದದ್ದು 1,447 ರೂಪಾಯಿ, ಅಷ್ಟೇ. ಹದಿನೈದು ವರ್ಷದಲ್ಲಿ ಮುಗಿಯಬೇಕಿದ್ದ ಸಾಲ 22 ವರ್ಷಕ್ಕೆ ಹೋಗಿ ನಿಂತಿತ್ತು. ನನಗಾಗ 46. ಆ ಕೊನೆಯ ಕಂತಿನ ತಾರೀಕು ಓದಿದಾಗ ಹೊಟ್ಟೆಯೊಳಗೆ ತಣ್ಣಗಾದದ್ದು ಈಗಲೂ ನೆನಪುಂಟು.

ನಿಮಗೂ ಇದೇ ಆಗಿರುವ ಸಾಧ್ಯತೆ ಹೆಚ್ಚು. ಏರುವಾಗ ಕಂತು ಮುಟ್ಟದೆ ಅವಧಿ ಉದ್ದ ಮಾಡಿದ್ದಾರೆ, ಈಗ ಇಳಿಯುವಾಗ ಅದೇ ಅವಧಿ ಒಳಗಿಂದೊಳಗೆ ಗಿಡ್ಡವಾಗುತ್ತಾ ಉಂಟು. ಕಂತಿನಲ್ಲಿ ಎಂತದೂ ಕಾಣುವುದಿಲ್ಲ.

ಮೋಸ ಹೌದಾ ಅಲ್ಲವಾ ಎಂದು ತಿಳಿಯಲು ನನ್ನದು ಒಂದೇ ಉಪಾಯ, ಕಳೆಯುವ ಲೆಕ್ಕ. ಸಾಲ ತೆಗೆದ ದಿನದ ಬಡ್ಡಿಯಿಂದ ಆ ದಿನದ ರೆಪೋ ಕಳೆಯಿರಿ. 2021 ಇಡೀ ರೆಪೋ 4 ಇತ್ತು. ನಿಮ್ಮ ಬಡ್ಡಿ ಆಗ 6.9 ಇದ್ದರೆ ಉಳಿದದ್ದು 2.9. 2025ರ ಡಿಸೆಂಬರಿನಲ್ಲಿ ರೆಪೋ 5.25ಕ್ಕೆ ಇಳಿಯಿತು, ಹಾಗಾದರೆ ಅದಕ್ಕೆ ತಕ್ಕ ಬಡ್ಡಿ 8.15 ಇರಬೇಕು. ಅಷ್ಟೇ ಇದ್ದರೆ ಬ್ಯಾಂಕು ಪೂರ್ತಿ ಇಳಿಸಿದೆ, ಜಗಳಕ್ಕೆ ಹೋಗಬೇಡಿ. ಹೆಚ್ಚಿದ್ದರೆ ಮೊದಲು ರೀಸೆಟ್ ತಾರೀಕು, ಅಂದರೆ ಬ್ಯಾಂಕು ನಿಮ್ಮ ಬಡ್ಡಿ ಬದಲಾಯಿಸುವ ದಿನ, ನೋಡಿ. ಮೂರು ತಿಂಗಳಿಗೊಮ್ಮೆಯಾದರೂ ಬದಲಾಯಿಸಬೇಕು ಎಂದು ನಿಯಮ, ಅಂದರೆ 2025ರ ಡಿಸೆಂಬರ್ 5ರ ಇಳಿಕೆ ಕೆಲವರ ಖಾತೆಗೆ ಮುಟ್ಟುವಾಗ ಮಾರ್ಚ್ ಆದೀತು. ಅದೂ ಕಳೆದರೆ ಆ 2.9 ಎಂತಕ್ಕೆ ಏರಿತೆಂದು ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಸಿಗುವುದು. ಕಂತು ತಪ್ಪಿಸಿ ಸಿಬಿಲ್ ಹಾಳಾಗಿದ್ದರೆ ಅವರಿಗೆ ಏರಿಸಲು ದಾರಿ ಉಂಟು, ಇಲ್ಲದಿದ್ದರೆ ಅದರೊಳಗಿನ ಖರ್ಚಿನ ಪಾಲನ್ನು ಮೂರು ವರ್ಷಕ್ಕೊಮ್ಮೆ ಮಾತ್ರ ಬದಲಾಯಿಸಬಹುದು.

ಎಸ್‌ಬಿಐಯಲ್ಲಿ ಈ ಲೆಕ್ಕ ಸುಲಭ, ಅವರ ಇಬಿಎಲ್‌ಆರ್ ಅಂದರೆ ರೆಪೋ ಮೇಲೆ 2.65, ಅದರ ಮೇಲೆ ನಿಮ್ಮ ಪಾಲಿನದ್ದು ಸ್ವಲ್ಪ. ನನಗೆ ಆ ಕ್ರಮ ಇಷ್ಟ, ಮನೆಯಲ್ಲೇ ಕೂತು ತಾಳೆ ನೋಡಬಹುದು. ಹೌಸಿಂಗ್ ಫೈನಾನ್ಸ್ ಕಂಪೆನಿಗಳ ಸಾಲದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅವರದ್ದು ಅವರದ್ದೇ ದರ, ರೆಪೋಗೆ ಕಟ್ಟಬೇಕೆಂಬ ನಿಯಮ ಅವರಿಗಿಲ್ಲ. ಸಾಲ ಬೇಗ ಪಾಸಾಗುತ್ತದೆಂದು ಅಲ್ಲಿಗೆ ಹೋಗುವವರು ಇದನ್ನು ಕೇಳಿಕೊಂಡು ಹೋಗಿ.

ಮೇಲೆ ಬದಿಯಡ್ಕದ ಭಾವ «ರೆಪೋ ಇಳಿದ ದಿನವೇ ಎಲ್ಲ ಸಾಲವೂ ಇಳಿಯಬೇಕು, ಕಾನೂನು ಉಂಟು» ಎಂದು ಹಾಕಿದ್ದಾರೆ. ಅರ್ಧ ಸರಿ ಭಾವ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಟ್ಟ ಫ್ಲೋಟಿಂಗ್, ಅಂದರೆ ಬಡ್ಡಿ ಏರಿಳಿಯುವ, ಮನೆ ಸಾಲಕ್ಕೆ ಹೊರಗಿನ ದರವೊಂದನ್ನು ಕಟ್ಟಬೇಕು, ಹೆಚ್ಚಿನವರು ರೆಪೋವನ್ನೇ ಕಟ್ಟಿದ್ದು. ಅದಕ್ಕಿಂತ ಹಳೆಯ ಸಾಲ ತಾನಾಗಿ ಬದಲಾಗುವುದಿಲ್ಲ, ನಾವೇ ಅರ್ಜಿ ಕೊಡಬೇಕು. ನಮ್ಮ ಸರ್ವಿಸ್ ಸಹಕಾರಿ ಬ್ಯಾಂಕುಗಳ ಸಾಲಕ್ಕೂ ಆ ನಿಯಮ ಇಲ್ಲ.

ಎಂಸಿಎಲ್‌ಆರ್ ಯಾಕೆ ನಿಧಾನ ಎಂದರೆ, ರೆಪೋ ಅಂದರೆ ಬ್ಯಾಂಕು ಸರಕಾರಿ ಬಾಂಡ್ ಅಡವಿಟ್ಟು ರಿಸರ್ವ್ ಬ್ಯಾಂಕಿನಿಂದ ಹೆಚ್ಚಾಗಿ ಒಂದೆರಡು ದಿನದ ಮಟ್ಟಿಗೆ ತರುವ ಹಣದ ಬಡ್ಡಿ. ನಾವು ಅಡಿಕೆ ಮಾರುವ ಮೊದಲು ಕೈಸಾಲಕ್ಕೆ ಬಳೆ ಇಟ್ಟ ಹಾಗೆ. ಆದರೆ ಬ್ಯಾಂಕಿನ ಹೆಚ್ಚಿನ ಹಣ ನಮ್ಮ ನಿಮ್ಮ ಡಿಪಾಸಿಟ್. ಹಳೆಯ ಎಫ್‌ಡಿಗೆ ಹಳೆಯ ಬಡ್ಡಿಯನ್ನೇ ಕೊಡಬೇಕು, ಅದರ ಅವಧಿ ಮುಗಿಯದೆ ಬ್ಯಾಂಕಿನ ಖರ್ಚು ಇಳಿಯದು. ಎಂಸಿಎಲ್‌ಆರ್ ಆ ಖರ್ಚಿನ ಲೆಕ್ಕ. ಅದರ ಮೇಲೆ ವರ್ಷಕ್ಕೊಮ್ಮೆ ರೀಸೆಟ್ ಎಂದು ಬರೆದಿದ್ದರೆ ಮುಗಿಯಿತು.

ಬೆಳೆಸಾಲದ ಬಡ್ಡಿಯೂ ಇಳಿಯುತ್ತದಾ ಎಂದು ಪೆರ್ಲದ ಅಕ್ಕ ಕೇಳಿದ್ದಾರೆ, ಅದು ಬೇರೆ ವಿಷಯ. ಸಮಯಕ್ಕೆ ಕಟ್ಟಿದರೆ 3 ಲಕ್ಷದವರೆಗೆ 4 ಶೇಕಡಾ ಬೀಳುವುದು ಸರಕಾರದ ರಿಯಾಯಿತಿಯಿಂದ. ರೆಪೋ ಇಳಿಯಿತೆಂದು ಅದು 3 ಆಗುವುದಿಲ್ಲ ಅಕ್ಕ. ಕಟ್ಟುವ ತಾರೀಕು ಮಾತ್ರ ತಪ್ಪಿಸಬೇಡಿ.

ಮತ್ತೆ ನಾನು ಮಾಡಿದ್ದು ಹೇಳುತ್ತೇನೆ. 2023ರಲ್ಲಿ ಕಂತನ್ನು 11,630ರಿಂದ 13,650ಕ್ಕೆ ಏರಿಸಿ ಎಂದು ಬರೆದುಕೊಟ್ಟೆ. ತಿಂಗಳಿಗೆ ಎರಡು ಸಾವಿರ ಹೆಚ್ಚು, ಅವಧಿ 22 ವರ್ಷ ಇದ್ದದ್ದು 15ರೊಳಗೆ ಬಂತು. ಅದೇ ವರ್ಷ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆಯನ್ನೂ ಹೊರಡಿಸಿತು: ಬಡ್ಡಿ ಬದಲಾಗುವಾಗ ಕಂತು ಏರಿಸುವುದಾ, ಅವಧಿ ಉದ್ದ ಮಾಡುವುದಾ ಎಂದು ಸಾಲಗಾರನಿಗೆ ಆಯ್ಕೆ ಕೊಡಬೇಕು. ಇದನ್ನು ಹೇಳಿ ಕೇಳಿದರೆ ಕೌಂಟರಿನಲ್ಲಿ ಮಾತು ಬದಲಾಗುತ್ತದೆ.

ಅಡಿಕೆ ದುಡ್ಡು ಬಂದಾಗ ಐವತ್ತು ಸಾವಿರವೋ ಲಕ್ಷವೋ ಅಸಲಿಗೆ ಹಾಕಿ, ಫ್ಲೋಟಿಂಗ್ ಮನೆ ಸಾಲಕ್ಕೆ ದಂಡ ಇಲ್ಲ. ಹಾಕುವಾಗ «ಅವಧಿ ಕಡಿಮೆ ಮಾಡಿ, ಕಂತು ಬೇಡ» ಎಂದು ಬರೆದು ಸೀಲ್ ಹಾಕಿಸಿಕೊಳ್ಳಿ. ನನ್ನ ಒಂದು ಸಲದ ದುಡ್ಡನ್ನು ಮುಂಗಡ ಕಂತು ಎಂದು ಜಮೆ ಮಾಡಿಟ್ಟಿದ್ದರು, ಸರಿಮಾಡಿಸಲು ಮೂರು ಸಲ ಓಡಾಡಬೇಕಾಯಿತು.

ಕುಂಬಳೆಯ ನಿವೃತ್ತ ಮ್ಯಾನೇಜರ್ ಮಾವ ಇಲ್ಲಿ ನನ್ನ ಮಾತು ಒಪ್ಪುವುದಿಲ್ಲ ಎಂದು ಗೊತ್ತುಂಟು. ಕಂತು ಇಳಿಸಿಕೊಂಡು ಉಳಿದದ್ದನ್ನು ಕೈಯಲ್ಲಿಟ್ಟುಕೊಳ್ಳಿ, ಅಡಿಕೆಗೆ ಮಹಾಳಿ ರೋಗ ಬಂದ ವರ್ಷ ಕಂತು ತಪ್ಪಿದರೆ ಹೆಚ್ಚು ನಷ್ಟ ಎಂದು ಅವರ ವಾದ. ತೋಟವೊಂದನ್ನೇ ನಂಬಿದವರಿಗೆ ಆ ಮಾತು ಸರಿಯಿರಬಹುದು. ನನಗೆ ಸಂಬಳವೂ ಇರುವುದರಿಂದ ನಾನು ಅವಧಿ ಇಳಿಸಿದೆ.

ಬೇರೆ ಬ್ಯಾಂಕಿನ ಮಾತು. ಅಡವಿಟ್ಟ ಜಾಗದ ಆಧಾರ ಪತ್ರ ಬಿಡಿಸಬೇಕು, ವಕೀಲರ ವರದಿ, ವ್ಯಾಲ್ಯುವೇಶನ್, ಪ್ರೊಸೆಸಿಂಗ್ ಫೀಸ್, ಎಲ್ಲ ಹೊಸತಾಗಿ. ಅದರ ಬದಲು ಮೊದಲು ನಿಮ್ಮ ಬ್ಯಾಂಕಿಗೇ ಹೋಗಿ, ಹೊಸ ಸಾಲಗಾರರಿಗೆ ರೆಪೋ ಮೇಲೆ ಎಷ್ಟು ಹಾಕುತ್ತೀರಿ ಎಂದು ಕೇಳಿ. ಅವರಿಗೆ 2.2, ನಿಮಗೆ 2.9 ಇದ್ದರೆ ಇಳಿಸಲು ಅರ್ಜಿ ಕೊಡಿ. ಮೊದಲು ಮೂರು ವರ್ಷ ಆಗದೆ ಬದಲಾಯಿಸುವ ಹಾಗಿಲ್ಲ ಎನ್ನುತ್ತಿದ್ದರು, 2025ರ ಅಕ್ಟೋಬರಿನಿಂದ ಬ್ಯಾಂಕು ಬಯಸಿದರೆ ಬೇಗವೂ ಇಳಿಸಬಹುದು. ಇಳಿಸಲೇಬೇಕೆಂದು ಕಡ್ಡಾಯ ಇಲ್ಲ. ಕೊಡದಿದ್ದರೆ ಆಮೇಲೆ ಹೊರಗೆ ನೋಡಿ.

ಸ್ಟೇಟ್‌ಮೆಂಟ್ ತೆಗೆದ ಮೇಲೆ ಮೂರೇ ಸಂಗತಿ ಇಲ್ಲಿ ಹಾಕಿ ಅಣ್ಣ: ಈಗಿನ ಬಡ್ಡಿ, ಬಾಕಿ ಅಸಲು, ಉಳಿದ ಕಂತುಗಳ ಸಂಖ್ಯೆ. ಖಾತೆ ನಂಬ್ರ ಮುಚ್ಚಿ ಹಾಕಿ. ರಾತ್ರಿ ಕೂತು ಲೆಕ್ಕ ಹಾಕಿ ಹೇಳುತ್ತೇನೆ.