ಆ ನೀಲಿ ಸುಣ್ಣದ್ದಿರಬೇಕು

“ಕುಷ್ಟಗಿ ಕಡೆ ಹಳ್ಳಿಯಲ್ಲಿ ಪೇಂಟಿಂಗ್ ಮಾಡ್ತೀನಿ. ಮದುಮಗಳ ಮನೆಯವರಿಗೆ ಅಜ್ಜಿ ಕಾಲದ ಪಡಸಾಲೆಯ ನೀಲಿನೇ ಬೇಕಂತೆ. ಡಿಸ್ಟೆಂಪರ್ ಮೂರು ಸಲ ಕಲಸಿದೆ, ಯಾವುದೂ ಅದಲ್ಲ ಅಂತಾರೆ.”

ಅದು ಬಹುಶಃ ಸುಣ್ಣಕ್ಕೆ ಬಟ್ಟೆಯ ನೀಲಿ ಪುಡಿ ಕಲಸಿದ ಬಣ್ಣ. ಸುಣ್ಣದ ಮೋಡ ಮೋಡವಾದ ತಿಳಿ ನೀಲಿ ಡಿಸ್ಟೆಂಪರಿನಲ್ಲಿ ಬರುವುದಿಲ್ಲ.

ಮೊದಲು ದೇವರ ಮಾಡದೊಳಗೆ ಅಥವಾ ಫೋಟೊ ಹಿಂದೆ ನೋಡಿ, ಅಲ್ಲಿ ಬಿಸಿಲು ತಾಗಿರಲ್ಲ. ಒಂದು ಹಕ್ಕಳೆ ಕೆರೆದು ಲಿಂಬೆರಸ ಹಾಕಿ. ನೊರೆ ಬಂದರೆ ಸುಣ್ಣವಿರಬಹುದು, ಆದರೆ ಸೀಮೆಸುಣ್ಣ ಬೆರೆತ ಹಳೆ ಡಿಸ್ಟೆಂಪರ್ ಕೂಡ ನೊರೆ ಕೊಡುತ್ತದೆ. ಗೋಡೆಗೆ ಮೊದಲೇ ಸಿಮೆಂಟ್ ಗಾರೆ ಬಿದ್ದಿದ್ದರೆ ಈ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ, ಆಗ ಅವರ ನೆನಪೇ ಗತಿ.

ಅರಳಿದ ಸುಣ್ಣ ಬಟ್ಟೆಯಲ್ಲಿ ಸೋಸಿ. ನೀಲಿ ಪುಡಿಯನ್ನು ಬೇರೆ ನೀರಲ್ಲಿ ಕದಡಿ ಸ್ವಲ್ಪ ಸ್ವಲ್ಪ ಬೆರೆಸಿ. ಬಾಟಲಿಯ ನೀಲಿ ದ್ರವ ಬೇಡ. ಅಂಗೈ ಅಗಲದ ಮೂರು ಪಟ್ಟಿ ಬಳಿಯಿರಿ, ಒಂದಕ್ಕಿಂತ ಒಂದು ಗಾಢ.

ಹಸಿಯಿದ್ದಾಗ ಯಾರಿಗೂ ತೋರಿಸಬೇಡಿ. ಒಣಗಿದ ಮೇಲೆ ಸುಣ್ಣ ತುಂಬ ತಿಳಿಯಾಗುತ್ತದೆ. ನಾನು ಒಮ್ಮೆ ಹಸಿಯಲ್ಲೇ ತೋರಿಸಿ, “ಇದಲ್ಲ” ಅನ್ನಿಸಿಕೊಂಡು ಸುಮ್ನೆ ಎರಡು ದಿನ ಕಳೆದೆ. ಮಾರನೆಯ ಬೆಳಿಗ್ಗೆ, ಬಾಗಿಲು ತೆರೆದು ಅಜ್ಜಿಗೇ ತೋರಿಸಿ, ಉಳಿದವರನ್ನು ಆಮೇಲೆ ಕರೆಯಿರಿ.

ನೀವು ಬಳಿದ ಡಿಸ್ಟೆಂಪರನ್ನು ಪೂರ್ತಿ ಕೆರೆದ ಮೇಲೆಯೇ ಸುಣ್ಣ ಹಚ್ಚಿ. ಇಲ್ಲದಿದ್ದರೆ ಮದುವೆಗೆ ಮುಂಚೆಯೇ ಹಕ್ಕಳೆ ಏಳುತ್ತದೆ.