ತರಗತಿಯ ಹುಟ್ಟುಹಬ್ಬ: ಹೆತ್ತವರಿಗೆ ಪತ್ರ

ಕಾಸರಗೋಡಿನ ನಮ್ಮ ಶಾಲೆಯಲ್ಲಿ ಹುಟ್ಟುಹಬ್ಬಕ್ಕೆ ಸಿಹಿ ಹಂಚುವ ಬಗ್ಗೆ ಹೆತ್ತವರಿಗೆ ಪತ್ರ ಹೇಗೆ ಬರೆಯಲಿ?

‘ಇಷ್ಟವಿದ್ದವರು ತರಬಹುದು’ ಎಂದು ಬರೆಯಬೇಡಿ. ಒಬ್ಬರು ತಂದರೆ ಅದು ಉಳಿದವರಿಗೂ ಕಡ್ಡಾಯವಾದಂತೆಯೇ. ಬದಲಾಗಿ, ‘ಹುಟ್ಟುಹಬ್ಬಕ್ಕೆ ಮನೆಯಿಂದ ತಿಂಡಿಯನ್ನಾಗಲಿ ಉಡುಗೊರೆಯನ್ನಾಗಲಿ ಯಾರೂ ಕಳುಹಿಸಬಾರದು, ಆ ದಿನ ಮಗು ಆರಿಸಿದ ಕತೆಯನ್ನು ಅಧ್ಯಾಪಕರು ತರಗತಿಗೆ ಓದಿ ಹೇಳುವರು’ ಎಂದು ಬರೆಯಿರಿ. ಕಾರಣವಾಗಿ ಅಲರ್ಜಿಯೊಂದನ್ನೇ ಹೇಳಿದರೆ ಸಾಕು: ಪೊಟ್ಟಣದ ತಿಂಡಿಯ ಮೇಲೆ ಅಲರ್ಜಿ ತರುವ ಪದಾರ್ಥಗಳ ಹೆಸರು ಇರಬೇಕೆಂಬ ನಿಯಮವಿದೆ, ಆದರೆ ಬೇಕರಿಯ ಬಿಡಿ ಲಾಡಿನೊಳಗೆ ಗೇರುಬೀಜದ ಪುಡಿ ಬೆರೆತಿದೆಯೇ ಎಂಬುದು ಕಣ್ಣಿಗೆ ಕಾಣದು. ಬಡತನದ ಮಾತನ್ನು ಎತ್ತದಿರುವುದೇ ಲೇಸು. ನಿಯಮ ಎಲ್ಲರಿಗೂ ಒಂದೇ ಆಗಿರುವಾಗ ಅದರ ಅಗತ್ಯವೂ ಇಲ್ಲ. ಪತ್ರದ ಕೆಳಗಿನ ಚೀಟಿಯಲ್ಲಿ ಮಗುವಿನ ಅಲರ್ಜಿಯ ವಿವರವನ್ನೂ, ತುಟಿ ಊದಿ ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಲು ಒಪ್ಪಿಗೆಯನ್ನೂ ಬರೆಸಿಕೊಳ್ಳಿ.