ವೈದ್ಯರ ಬಳಿ ಹೋಗುವ ಮುನ್ನ ಮೂರು ವಾರದ ದಿನಚರಿ

ಪ್ರಶ್ನೆ: ನನಗೆ 46 ವರ್ಷ. ಎರಡು ವರ್ಷಗಳಿಂದ ಬಿ.ಪಿ. ಮಾತ್ರೆ, ನಾಲ್ಕು ತಿಂಗಳಿಂದ ಖಿನ್ನತೆಗೆ ಎಸ್ಸಿಟಲೋಪ್ರಾಮ್ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ. ಹೆಂಡತಿ, ನನಗೆ ಅವಳ ಮೇಲೆ ಆಸಕ್ತಿ ಹೋಗಿದೆ ಎಂದುಕೊಂಡಿದ್ದಾಳೆ. ಒಮ್ಮೆ ವೈದ್ಯರ ಎದುರು ಕುಳಿತು ‘ಸುಸ್ತು’ ಎಂದಷ್ಟೇ ಹೇಳಿ ಬಂದುಬಿಟ್ಟೆ. ಮುಂದಿನ ತಿಂಗಳು ಮತ್ತೆ ಹೋಗಬೇಕು. ದಿನಚರಿ ಬರೆದಿಟ್ಟುಕೊಂಡರೆ ಉಪಯೋಗವಿದೆಯೇ, ಅಥವಾ ಅದರಿಂದ ಚಿಂತೆಯೇ ಹೆಚ್ಚೀತೇ?
- ಹೆಸರು ಬೇಡ

ಉತ್ತರ: ಉಪಯೋಗವಿದೆ, ಆದರೆ ಬರೆಯುವ ಸಮಯವನ್ನು ಸರಿಯಾಗಿ ಆರಿಸಿಕೊಳ್ಳಬೇಕು. ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಎದ್ದ ಕೂಡಲೇ, ಹಿಂದಿನ ಹಗಲು ಮತ್ತು ರಾತ್ರಿಯ ಬಗ್ಗೆ ಎರಡು ಮೂರು ಸಾಲು ಬರೆದರೆ ಸಾಕು. ಮಿಲನದ ನಂತರ ಹಾಸಿಗೆಯಲ್ಲೇ ಕುಳಿತು ಅಂಕ ಕೊಟ್ಟುಕೊಳ್ಳುವ ಅಭ್ಯಾಸ ಬೇಡ. ಹಾಗೆ ಮಾಡುವವರು ಮುಂದಿನ ಸಲ ಹೆಂಡತಿಯ ಜೊತೆಗಿದ್ದರೂ ಮನಸ್ಸಿನೊಳಗೆ ಪರೀಕ್ಷಕರಾಗಿಯೇ ಇರುತ್ತಾರೆ, ಆ ಆತಂಕವೇ ನಿಮಿರುವಿಕೆಯನ್ನು ಕೆಡಿಸುತ್ತದೆ. ದಿನಚರಿಗಾಗಿ ಪ್ರಯತ್ನಿಸಿ ನೋಡುವುದೂ ಬೇಡ.

ಮೊದಲ ಪುಟವನ್ನು ಹಿಂದಿನ ಸಂಗತಿಗಳಿಗೆ ಮೀಸಲಿಡಿ. ಬಿ.ಪಿ. ಮಾತ್ರೆಯ ಹೆಸರೇನು, ಅದು ಯಾವಾಗ ಶುರುವಾಯಿತು, ಎಸ್ಸಿಟಲೋಪ್ರಾಮ್ ಎಷ್ಟು ಮಿಲಿಗ್ರಾಂ, ಪ್ರಮಾಣ ಯಾವಾಗ ಬದಲಾಯಿತು, ತೊಂದರೆ ಮೊದಲು ಗಮನಕ್ಕೆ ಬಂದದ್ದು ಯಾವಾಗ ಎಂಬುದನ್ನು ತಿಂಗಳ ಲೆಕ್ಕದಲ್ಲಾದರೂ ಬರೆಯಿರಿ. ಖಿನ್ನತೆಯೂ ಆಸಕ್ತಿಯನ್ನು ಕುಗ್ಗಿಸುತ್ತದೆ, ಎಸ್ಸಿಟಲೋಪ್ರಾಮ್‌ನಂಥ ಮಾತ್ರೆಗಳೂ ಕುಗ್ಗಿಸುತ್ತವೆ. ಯಾವುದು ಮೊದಲು ಬಂತು ಎಂಬ ವೈದ್ಯರ ಪ್ರಶ್ನೆಗೆ ಮೂರು ವಾರದ ದಿನಚರಿಯಲ್ಲಿ ಉತ್ತರ ಸಿಗದು, ಆ ಮೊದಲ ಪುಟದಲ್ಲಿ ಸಿಕ್ಕೀತು. ಯಾರಿಗೂ ಹೇಳದೆ ತಂದು ನುಂಗಿದ ‘ಶಕ್ತಿ’ ಮಾತ್ರೆಗಳಿದ್ದರೆ ಅವನ್ನೂ ಬರೆಯಿರಿ. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಜಾತಿಯ ಮಾತ್ರೆಯನ್ನು ಎದೆನೋವಿಗೆ ಕೊಡುವ ನೈಟ್ರೇಟ್ ಔಷಧಿಯೊಂದಿಗೆ ತೆಗೆದುಕೊಂಡರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ.

ಇನ್ನು ಪ್ರತಿದಿನದ ಸಾಲುಗಳು. ಆಸಕ್ತಿ, ಬಿಗಿತ, ಸ್ಖಲನ ಇವು ಮೂರನ್ನು ಒಂದೇ ‘ಆಗಲಿಲ್ಲ’ ಎಂಬ ಮಾತಿನಲ್ಲಿ ಮುಗಿಸದೆ ಬೇರೆ ಬೇರೆಯಾಗಿ ಬರೆಯಿರಿ. ನೀವು ತೆಗೆದುಕೊಳ್ಳುವ ಖಿನ್ನತೆಯ ಮಾತ್ರೆಯಿಂದ ಹೆಚ್ಚಾಗಿ ಕಾಣುವುದು ಆಸಕ್ತಿ ಕುಗ್ಗುವುದು ಮತ್ತು ಸ್ಖಲನ ತಡವಾಗುವುದು, ಆದ್ದರಿಂದ ಈ ವ್ಯತ್ಯಾಸ ವೈದ್ಯರಿಗೆ ಬೇಕು. ಬಿಗಿತಕ್ಕೆ ಅವರು ಬಳಸುವ ನಾಲ್ಕು ಮೆಟ್ಟಿಲುಗಳ ಅಳತೆಯೊಂದಿದೆ: ದೊಡ್ಡದಾದರೂ ಗಟ್ಟಿಯಾಗದಿದ್ದರೆ 1, ಗಟ್ಟಿಯಾದರೂ ಸಂಭೋಗಕ್ಕೆ ಸಾಲದಿದ್ದರೆ 2, ಸಂಭೋಗಕ್ಕೆ ಸಾಕಾದರೂ ಪೂರ್ಣ ಗಟ್ಟಿಯಿಲ್ಲದಿದ್ದರೆ 3, ಪೂರ್ಣ ಗಟ್ಟಿಯಾಗಿದ್ದರೆ 4.

ಬೆಳಗಿನ ನಿಮಿರುವಿಕೆಯನ್ನು ಬರೆಯುವಾಗ ತಪ್ಪಾಗುವುದು ಸುಲಭ. ಆರೋಗ್ಯವಂತ ಗಂಡಸಿಗೆ ರಾತ್ರಿ ಹಲವು ಬಾರಿ, ಮುಖ್ಯವಾಗಿ ಕನಸು ಬೀಳುವ ನಿದ್ರೆಯ ಹಂತದಲ್ಲಿ, ತಾನಾಗಿಯೇ ನಿಮಿರುವಿಕೆ ಆಗುತ್ತದೆ. ಬೆಳಿಗ್ಗೆ ಕಾಣುವುದು ಸಾಮಾನ್ಯವಾಗಿ ಅದರ ಕೊನೆಯ ಸುತ್ತು. ಆ ಹಂತ ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಭಾಗದಲ್ಲಿ. ನಾಲ್ಕೂವರೆ ಗಂಟೆ ಮಲಗಿ ಅಲಾರಂಗೆ ಗಡಬಡಿಸಿ ಎದ್ದ ದಿನ ಅದು ಕಾಣದಿದ್ದರೆ ನಿದ್ರೆಯೇ ಕಾರಣವಿರಬಹುದು. ಆದ್ದರಿಂದ ‘ಇರಲಿಲ್ಲ’ ಮತ್ತು ‘ಗಮನಿಸಲಿಲ್ಲ’ ಎಂಬ ಎರಡು ಉತ್ತರಗಳನ್ನು ಬೇರೆಯಾಗಿಡಿ, ಪಕ್ಕದಲ್ಲೇ ನಿದ್ರೆಯ ಗಂಟೆ ಬರೆಯಿರಿ. ನೀವು ಜೋರಾಗಿ ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಲ್ಲುತ್ತದೆಯೇ ಎಂಬುದನ್ನು ಹೆಂಡತಿಯನ್ನೇ ಕೇಳಿ, ಮಲಗಿದವರಿಗೆ ಅದು ತಿಳಿಯದು. ಮನಸ್ಸಿನ ಸ್ಥಿತಿಗೆ 0ಯಿಂದ 10ರ ಒಂದು ಅಂಕ, ಜಗಳವಾದರೆ ಅಥವಾ ಕುಡಿದಿದ್ದರೆ ಒಂದು ಪದ, ಅಷ್ಟೇ.

ಮೂರು ವಾರದ ನಂತರ ಹೀಗೆ ಕಂಡಿತೆಂದುಕೊಳ್ಳೋಣ: 21 ದಿನಗಳಲ್ಲಿ 9 ಬೆಳಿಗ್ಗೆ ಬಿಗಿತ 3 ಅಥವಾ 4, ಅವುಗಳಲ್ಲಿ 7 ದಿನ ಆರೂವರೆ ಗಂಟೆಗಿಂತ ಹೆಚ್ಚು ನಿದ್ರೆ. ಹೆಂಡತಿಯೊಂದಿಗೆ ನಾಲ್ಕು ಸಲದಲ್ಲಿ ಎರಡು ಸಲ ನಡುವೆ ಕುಗ್ಗಿತು, ಎರಡೂ ದಿನ ಮನಸ್ಸಿನ ಅಂಕ 3. ಇದನ್ನು ನೋಡಿದ ವೈದ್ಯರು ರಕ್ತನಾಳ, ನರಗಳು ಬಹುಮಟ್ಟಿಗೆ ಕೆಲಸ ಮಾಡುತ್ತಿವೆ ಎಂದು ಊಹಿಸಿ ನಿದ್ರೆ, ಮನಸ್ಸು, ಮಾತ್ರೆಗಳ ಕಡೆ ಗಮನ ಕೊಡಬಹುದು. ಒಳ್ಳೆಯ ನಿದ್ರೆಯ ದಿನಗಳಲ್ಲೂ, ಒಂಟಿಯಾಗಿದ್ದಾಗಲೂ ಬಿಗಿತ 1 ಅಥವಾ 2 ದಾಟದಿದ್ದರೆ ಸಕ್ಕರೆ, ಕೊಲೆಸ್ಟರಾಲ್, ಬೆಳಗಿನ ಟೆಸ್ಟೋಸ್ಟೆರೋನ್ ಪರೀಕ್ಷೆ, ಹೃದಯದ ತಪಾಸಣೆ ಹೆಚ್ಚು ಮುಖ್ಯವಾಗುತ್ತವೆ. ನಿಮಗೆ ಬಿ.ಪಿ. ಇರುವುದರಿಂದ ಮೊದಲ ಚಿತ್ರ ಕಂಡರೂ ಈ ಪರೀಕ್ಷೆಗಳನ್ನು ಅವರು ಕೈಬಿಡಲಾರರು. ದಿನಚರಿ ರೋಗ ನಿರ್ಣಯ ಮಾಡುವುದಿಲ್ಲ, ಖಿನ್ನತೆಯ ಮಾತ್ರೆ ಕನಸಿನ ನಿದ್ರೆಯನ್ನೂ ತಗ್ಗಿಸಬಲ್ಲದಾದ್ದರಿಂದ ನಿಮ್ಮ ಲೆಕ್ಕ ಇನ್ನಷ್ಟು ಮಸುಕಾಗಿರಬಹುದು.

ಮಾತ್ರೆಯೇ ಕಾರಣವೆನ್ನಿಸಿದರೂ ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ತಲೆಸುತ್ತು, ಕಳವಳ, ಖಿನ್ನತೆ ಮರುಕಳಿಸುವುದು ಆಗಬಹುದು. ಪ್ರಮಾಣ ತಗ್ಗಿಸುವ ಅಥವಾ ಬೇರೆ ಮಾತ್ರೆಗೆ ಬದಲಾಯಿಸುವ ದಾರಿ ವೈದ್ಯರ ಬಳಿಯಿದೆ. ನಡೆಯುವಾಗ ಎದೆನೋವು, ಏದುಸಿರು ಬಂದರೆ, ಅಥವಾ ಬದುಕು ಬೇಡವೆನ್ನಿಸಿದರೆ ಮೂರು ವಾರ ಮುಗಿಯಲೆಂದು ಕಾಯಬಾರದು, ಅಂದೇ ಹೋಗಬೇಕು.

ಮತ್ತೆ ‘ಸುಸ್ತು’ ಎಂಬ ಮಾತೇ ಬಾಯಿಗೆ ಬಂದರೆ, ಮೊದಲ ಪುಟದ ಮೇಲ್ಭಾಗದಲ್ಲಿ ‘ನಿಮಿರುವಿಕೆಯ ತೊಂದರೆ’ ಎಂದು ದೊಡ್ಡದಾಗಿ ಬರೆದಿಟ್ಟು, ಕುಳಿತ ಕೂಡಲೇ ಆ ಹಾಳೆಯನ್ನು ವೈದ್ಯರ ಕೈಗೆ ಕೊಡಿ.